ಸಾಲಿ ಹೊತ್ತಿಗೇ ಹೊಟ್ಟಿ ನೋಯ್ತದ: 14 ದಿನದ ನೋಟ್‌ಬುಕ್ಕಿನಿಂದ ಮಗುವಿನ ಆತಂಕ ಗುರುತಿಸುವುದು ಹೇಗೆ

ಸಮವಸ್ತ್ರ ತೊಡಿಸುವ ಹೊತ್ತಿಗೆ ಸರಿಯಾಗಿ "ಯವ್ವಾ, ಹೊಟ್ಟಿ ನೋಯ್ಲತ್ತದ" ಎಂದು ಮುದುಡಿ ಕೂತ ಮಗು, ಆಟೋ ಹೊರಟುಹೋದ ಮೇಲೆ ಒಂಬತ್ತೂವರೆಗೆ ಅಂಗಳದಲ್ಲಿ ಆಡುತ್ತಿದ್ದರೆ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಒಬ್ಬರು "ನಾಟಕ ಮಾಡ್ತಾನ" ಅನ್ನುತ್ತಾರೆ. ಆಯಿ "ಹೊಕ್ಕಳ ಸರದದ, ತಿಕ್ಕಿಸ್ಕೊಂಡ ಬರ್ರಿ" ಅನ್ನುತ್ತಾಳೆ. ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ಎರಡೂ ಅಲ್ಲದ ಕಾರಣವೊಂದು ಬಹಳ ಸಾಮಾನ್ಯ: ಆತಂಕ. ಈ ವಯಸ್ಸಿನ ಮಗುವಿಗೆ "ನನಗೆ ಶಾಲೆಯಲ್ಲಿ ಇಂಥದ್ದರ ಹೆದರಿಕೆ" ಎಂದು ಹೇಳಲು ಮಾತು ಸಾಲದು. ಆದರೆ ಹೊಟ್ಟೆ ನೋಯುತ್ತಿದೆ ಎಂದು ಹೇಳಬಲ್ಲದು, ಮತ್ತು ಅದು ಸುಳ್ಳಲ್ಲ.

ಸುಳ್ಳೇಕಲ್ಲ ಎಂದರೆ, ಹೆದರಿಕೆಯಾದಾಗ ಮಿದುಳಿನಿಂದ ಹೊರಡುವ ಸಂಕೇತಗಳು ಎದೆಬಡಿತವನ್ನಷ್ಟೇ ಅಲ್ಲ, ಕರುಳಿನ ಚಲನೆಯನ್ನೂ ಬದಲಿಸುತ್ತವೆ. ಕೆಲವು ಕಡೆ ಕರುಳು ಬಿಗಿಯುತ್ತದೆ, ಕೆಲವು ಕಡೆ ಬೇಗ ಓಡುತ್ತದೆ. ಜೊತೆಗೆ ಕರುಳಿನ ನರಗಳು ಚುರುಕಾಗಿ, ಬೇರೆ ದಿನ ಗೊತ್ತೇ ಆಗದಂಥ ಗಾಳಿ, ಹಸಿವು, ಮಲದ ಒತ್ತಡವೆಲ್ಲ ನೋವಾಗಿ ಕಾಣುತ್ತವೆ. ಆದ್ದರಿಂದ ತಪಾಸಣೆಯಲ್ಲಿ ಏನೂ ಸಿಗದಿದ್ದರೂ ಮಗುವಿಗೆ ನೋವು ಇದ್ದೇ ಇರುತ್ತದೆ. ಶಾಲೆ ತಪ್ಪಿತೆಂದು ಗೊತ್ತಾದೊಡನೆ ಆ ಸಂಕೇತಗಳು ಇಳಿಯುತ್ತವೆ, ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ನೋವೂ ಇಳಿಯುತ್ತದೆ. ದೊಡ್ಡವರ ಕಣ್ಣಿಗೆ ನಾಟಕದಂತೆ ಕಾಣುವುದು ಈ ಇಳಿತವೇ.

ಮೊದಲು ದೇಹದ ಕಡೆ ನೋಡಿ

ಆತಂಕ ಎಂದು ಹೆಸರಿಡುವ ಮೊದಲು ಕೆಲವು ಚಿಹ್ನೆಗಳು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. "ಎಲ್ಲಿ ನೋಯ್ತದ, ಒಂದೇ ಬೆರಳಲ್ಲಿ ತೋರ್ಸು" ಎಂದು ಕೇಳಿ. ಆತಂಕದ ನೋವಿನಲ್ಲಿ ಮಗು ಹೊಕ್ಕುಳ ಸುತ್ತ ಅಂಗೈ ಆಡಿಸುವುದೇ ಹೆಚ್ಚು. ಹೊಕ್ಕುಳದಿಂದ ದೂರ, ಒಂದೇ ಜಾಗವನ್ನು ಪ್ರತಿ ಸಲ ತೋರಿಸಿದರೆ, ಅದರಲ್ಲೂ ಬಲಗಡೆ ಕೆಳಹೊಟ್ಟೆಯನ್ನು ತೋರಿಸಿದರೆ ವೈದ್ಯರಿಗೆ ತೋರಿಸಬೇಕು. ನಿಂತಲ್ಲೇ ಎರಡು ಸಲ ಜಿಗಿಯಲು ಹೇಳಿ. ಜಿಗಿದಾಗ ಹೊಟ್ಟೆ ಹಿಡಿದುಕೊಂಡು ಅಳುವ ಮಗುವಿಗೆ ಅಪೆಂಡಿಕ್ಸ್ ಉರಿಯೂತ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಹಸಿರು ಬಣ್ಣದ ವಾಂತಿ ಅಥವಾ ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ತೂಕ ಇಳಿಯುವುದು ಅಥವಾ ಎತ್ತರ ನಿಂತುಹೋಗುವುದು, ಮೂತ್ರ ಮಾಡುವಾಗ ಉರಿ: ಇವುಗಳಲ್ಲಿ ಒಂದಿದ್ದರೂ ಕೆಳಗೆ ಹೇಳುವ ನೋಟ್‌ಬುಕ್ಕಿಗಾಗಿ ಕಾಯಬೇಡಿ. ಹಸಿರು ವಾಂತಿ, ರಕ್ತ, ಮುಟ್ಟಗೊಡದಷ್ಟು ಗಟ್ಟಿಯಾದ ಹೊಟ್ಟೆ ಇದ್ದರೆ ರಾತ್ರಿಯೇ ಆದರೂ ಹೊರಡಿ.

ಚಿಹ್ನೆಗಳೇನೂ ಇಲ್ಲದಿದ್ದರೂ ಆತಂಕದ ವೇಷ ಹಾಕಿ ಬರುವ ಸಂಗತಿಯೊಂದಿದೆ, ಮಲಬದ್ಧತೆ. ಶಾಲೆಯ ಶೌಚಾಲಯ ಗಲೀಜು ಎಂದೋ, ಬಾಗಿಲಿಗೆ ಚಿಲಕವಿಲ್ಲ ಎಂದೋ ಮಗು ಎರಡಕ್ಕೆ ಹೋಗುವುದನ್ನು ತಡೆಯುತ್ತದೆ. ತಡೆದ ಮಲ ಗಟ್ಟಿಯಾಗುತ್ತದೆ. ಬೆಳಿಗ್ಗೆ ಏನಾದರೂ ತಿಂದ ಕೂಡಲೇ ಕರುಳು ಸಹಜವಾಗಿ ಹಿಂಡುತ್ತದೆ, ಗಟ್ಟಿ ಮಲದ ಮೇಲೆ ಹಿಂಡಿದರೆ ನೋವು ಬರುತ್ತದೆ. ಹೊತ್ತು ಅದೇ, ನೋವಿನ ಜಾಗವೂ ಅದೇ. ಗುರುತು ಹಿಡಿಯುವುದು ಹೀಗೆ: ಈ ನೋವು ಭಾನುವಾರವೂ ಬರುತ್ತದೆ, ಎರಡಕ್ಕೆ ಹೋದ ಮೇಲೆ ತಟ್ಟನೆ ಕಡಿಮೆಯಾಗುತ್ತದೆ, ಮಲ ದಪ್ಪ ಅಥವಾ ಗುಂಡುಗುಂಡಾಗಿರುತ್ತದೆ, ಚಡ್ಡಿಯಲ್ಲಿ ಸ್ವಲ್ಪ ಕಲೆ ಕಾಣಬಹುದು. ಕಲೆಯನ್ನು ನೋಡಿ ಭೇದಿ ಎಂದುಕೊಂಡು ಭೇದಿ ನಿಲ್ಲುವ ಔಷಧ ಕೊಡುವ ತಪ್ಪು ಆಗಾಗ ನಡೆಯುತ್ತದೆ. ಗಟ್ಟಿ ಮಲದ ಬದಿಯಿಂದ ಸೋರಿದ ನೀರು ಅದು.

ಜಂತುಹುಳದ ಅನುಮಾನ ನಮ್ಮ ಕಡೆ ಎಲ್ಲರಿಗೂ ಮೊದಲು ಬರುತ್ತದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಸಲ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಎರಡು ವರ್ಷ ದಾಟಿದ ಮಗುವಿಗೆ 400 ಮಿ.ಗ್ರಾಂ. ಅಗಿದು ನುಂಗುವ ಒಂದು ಮಾತ್ರೆ. ಅದು ತಪ್ಪಿದೆಯೇ ಎಂದು ನೋಡಿಕೊಳ್ಳಿ. ಆದರೆ ಹುಳಕ್ಕೆ ಸೋಮವಾರ, ಭಾನುವಾರದ ಲೆಕ್ಕವಿಲ್ಲ. ವಾರದ ದಿನ ನೋಡಿ ಬರುವ ನೋವು ಹುಳದ್ದಾಗುವುದು ಅಪರೂಪ.

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಹೊಟ್ಟೆನೋವಿಗೆಂದು ಮಗುವಿನ ಹೊಟ್ಟೆಯ ಮೇಲೆ ಬರೆ ಹಾಕಿಸುವ ರೂಢಿ ಇನ್ನೂ ಕೆಲವು ಕಡೆ ಉಳಿದಿದೆ. ಸುಟ್ಟ ಗಾಯ ಕೀವಾಗುತ್ತದೆ. ನೋವು ಹೇಳಿಕೊಂಡರೆ ಸುಡುತ್ತಾರೆ ಎಂದು ಕಲಿತ ಮಗು ನಾಳೆ ಅಪೆಂಡಿಕ್ಸ್ ನೋವನ್ನೂ ಮುಚ್ಚಿಡುತ್ತದೆ. ಅಜವಾನದ ನೀರು ಕೊಡುವುದರಿಂದ, ದೃಷ್ಟಿ ತೆಗೆಯುವುದರಿಂದ ತೊಂದರೆಯಿಲ್ಲ, ಆಯಿಯ ಸಮಾಧಾನಕ್ಕೆ ಮಾಡಲಿ. ಆದರೆ ದಿನಾ ಬೆಳಿಗ್ಗೆ ಅದೇ ನಡೆದರೆ "ನಿನಗೇನೋ ಆಗಿದೆ" ಎಂಬ ಮಾತನ್ನು ದಿನಾ ಹೇಳಿದಂತಾಗುತ್ತದೆ.

14 ದಿನದ ನೋಟ್‌ಬುಕ್

ಅಪಾಯದ ಚಿಹ್ನೆ ಇಲ್ಲದಿದ್ದರೆ ಎರಡು ವಾರ ಬರೆದಿಡಿ. ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು. ಬರೆಯಬೇಕಾದದ್ದು ಐದು: ನೋವು ಶುರುವಾದ ಹೊತ್ತು ಮತ್ತು ಆಗ ನಡೆಯುತ್ತಿದ್ದ ಕೆಲಸ, ನೋವು ಹೋದ ಹೊತ್ತು, ಎರಡಕ್ಕೆ ಹೋದದ್ದು ಮತ್ತು ಮಲ ಹೇಗಿತ್ತು, ಆ ದಿನ ಶಾಲೆಯಲ್ಲಿ ವಿಶೇಷವೇನಿತ್ತು, ಸಂಜೆ ಮರಳಿದಾಗ ಟಿಫಿನ್ ಡಬ್ಬಿ ಮತ್ತು ನೀರಿನ ಬಾಟಲಿ ಎಷ್ಟು ಖಾಲಿಯಾಗಿದ್ದವು. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಅದೇ ಎಷ್ಟೋ ಸಲ ಗುಟ್ಟು ಬಿಡಿಸುತ್ತದೆ.

ಮಗುವಿನ ಮುಂದೆ ಬರೆಯಬೇಡಿ. "ಇವತ್ತ ಹೊಟ್ಟಿ ಹ್ಯಾಂಗದ?" ಎಂದು ನೀವಾಗಿ ಕೇಳಬೇಡಿ. ಬೆಳಗಾಗುತ್ತಲೇ ಕೇಳಿದರೆ ಮಗುವಿನ ಗಮನ ಹೊಟ್ಟೆಗೇ ಹೋಗುತ್ತದೆ, ಇಲ್ಲದ ದಿನವೂ ನೋವು ಹುಡುಕಿಕೊಳ್ಳುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ. ಹೇಳಿದಾಗ ಮಾತ್ರ ಗಡಿಯಾರ ನೋಡಿ, ಆಮೇಲೆ ಬರೆದುಕೊಳ್ಳಿ.

ಎರಡು ಭಾನುವಾರ ಈ 14 ದಿನದಲ್ಲಿ ಬಂದೇ ಬರುತ್ತವೆ. ಹಬ್ಬದ ರಜೆಯೋ ಶರಣಬಸವೇಶ್ವರ ಜಾತ್ರೆಯ ರಜೆಯೋ ಸೇರಿದರೆ ಇನ್ನೂ ಒಳ್ಳೆಯದು. ಓದುವಾಗ ನೋಡಬೇಕಾದ್ದು ಒಂದೇ, ನೋವು ಹೊಟ್ಟೆಯನ್ನು ಹಿಂಬಾಲಿಸುತ್ತದೋ ವೇಳಾಪಟ್ಟಿಯನ್ನು ಹಿಂಬಾಲಿಸುತ್ತದೋ. ಭಾನುವಾರ ಬೆಳಿಗ್ಗೆ ಇಲ್ಲದ ನೋವು ಭಾನುವಾರ ಸಂಜೆ ಪಾಟಿಚೀಲ ತುಂಬುವಾಗ ಬಂದರೆ ಅದು ಗಟ್ಟಿ ಸುಳಿವು. ರಜೆಯ ಮರುದಿನ ಹೆಚ್ಚಾಗುವುದೂ ಹಾಗೆಯೇ.

ಹೊಟ್ಟೆಯ ಜೊತೆ ಬರುವ ಬೇರೆ ಗುರುತುಗಳನ್ನೂ ಅಂಚಿನಲ್ಲಿ ಬರೆದಿಡಿ. ರಾತ್ರಿ ನಿದ್ದೆ ಬರಲು ಒಂದು ಗಂಟೆ, ಒಂದೂವರೆ ಗಂಟೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರು. "ನೀ ಬರ್ತಿ ಅಲ್ಲಾ? ಖರೇ ಬರ್ತಿ ಅಲ್ಲಾ?" ಎಂದು ಅದೇ ಪ್ರಶ್ನೆ ಹತ್ತು ಸಲ. ಬೂಟಿನ ಲೇಸಿಗೆ, ತಲೆ ಬಾಚುವುದಕ್ಕೆ ಸಿಟ್ಟು. ಬೆಳಿಗ್ಗೆ ಒಂದು ಗಂಟೆಯಲ್ಲಿ ನಾಲ್ಕು ಸಲ ಒಂದಕ್ಕೆ, ಬಂದದ್ದು ಸ್ವಲ್ಪವೇ, ಉರಿ ಇಲ್ಲ. (ಉರಿ ಇದ್ದರೆ, ವಾಸನೆ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ.) ಇವುಗಳಲ್ಲಿ ಎರಡು ಮೂರು ಸೇರಿ, ಶಾಲೆಯ ದಿನಗಳಿಗೇ ಅಂಟಿಕೊಂಡಿದ್ದರೆ ಆತಂಕದ ಸಾಧ್ಯತೆ ಹೆಚ್ಚು.

ಒಂದು ನೋಟ್‌ಬುಕ್ಕನ್ನು ಓದೋಣ

ಹಲವು ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆ ಇದು. ಏಳು ವರ್ಷದ ಹುಡುಗ. ಆಳಂದ ಕಡೆಯ ಹಳ್ಳಿಯ ಶಾಲೆಯಲ್ಲಿ ಒಂದನೆಯದು ಮುಗಿಸಿ, ಎರಡನೆಯದಕ್ಕೆ ಕಲಬುರಗಿಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ್ದಾನೆ. ಜುಲೈನಿಂದ ಹೊಟ್ಟೆನೋವು. ಅಪ್ಪನ ಊಹೆ: ಇಂಗ್ಲಿಷ್ ಡಿಕ್ಟೇಶನ್ನಿನ ಹೆದರಿಕೆ. ಅವ್ವನ ಊಹೆ: ತನ್ನನ್ನು ಬಿಟ್ಟು ಹೋಗಲಾರ.

ಮೊದಲ ವಾರದ ಸಾಲುಗಳು. ಸೋಮವಾರ 7:10ಕ್ಕೆ ಶುರು, ಅಂಗಿ ತೊಡುವಾಗ, ಆಟೋದಲ್ಲಿ ಅಳು, ಬಾಟಲಿ ತುಂಬಿದ ಹಾಗೇ ಮರಳಿದೆ. ಮಂಗಳವಾರ 7:15, ಮನೆಯಲ್ಲೇ ಉಳಿಸಿಕೊಂಡರು, 9:20ಕ್ಕೆ ನೋವಿಲ್ಲ, ಎರಡು ರೊಟ್ಟಿ ತಿಂದ. ಬುಧವಾರ ನೋವಿಲ್ಲ, ಅಂದು ಮಧ್ಯಾಹ್ನ ಆಟದ ಪೀರಿಯಡ್, ಬಾಟಲಿ ಅರ್ಧ ಖಾಲಿ. ಗುರುವಾರ 7:00, ಎರಡಕ್ಕೆ ಹೋದ, ಮಲ ಸ್ವಲ್ಪ ಗಟ್ಟಿ, ನೋವು ಹಾಗೇ ಇತ್ತು, ಬಾಟಲಿ ತುಂಬಿದೆ. ಶುಕ್ರವಾರ ಗುರುವಾರದಂತೆಯೇ. ಶನಿವಾರ ನೋವಿಲ್ಲ, ಬೆಳಗಿನ ಶಾಲೆ, ಮಧ್ಯಾಹ್ನದೊಳಗೆ ಮನೆಗೆ. ಭಾನುವಾರ ದಿನವಿಡೀ ಇಲ್ಲ, ರಾತ್ರಿ 8ಕ್ಕೆ "ನಾಳೆ ಸಾಲಿ ಅದಾ?" ಎಂದು ಕೇಳಿದ, ಆಮೇಲೆ ಹೊಟ್ಟೆನೋವು. ಎರಡನೆಯ ವಾರವೂ ಹೆಚ್ಚು ಕಡಿಮೆ ಹೀಗೆಯೇ.

ಅವ್ವನ ಊಹೆ ಇಲ್ಲಿ ನಿಲ್ಲುವುದಿಲ್ಲ. ಅವಳನ್ನು ಬಿಟ್ಟು ಬುಧವಾರವೂ ಶನಿವಾರವೂ ಹೋಗಲೇಬೇಕಲ್ಲ, ಆ ದಿನ ನೋವಿಲ್ಲ. ಆಟೋ, ಗೇಟು, ಪ್ರಾರ್ಥನೆ ಎಲ್ಲವೂ ಶನಿವಾರವೂ ಇವೆ, ಅವೂ ಕಾರಣವಲ್ಲ. ಡಿಕ್ಟೇಶನ್ ಇರುವುದು ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂದು ಟೀಚರ್ ಹೇಳಿದರು, ಹಾಗಾದರೆ ಅಪ್ಪನ ಊಹೆಯೂ ಹೊಂದುವುದಿಲ್ಲ. ಉಳಿದದ್ದು ಮಧ್ಯಾಹ್ನ ಊಟದ ನಂತರದ ತರಗತಿ. ತುಂಬಿಯೇ ಮರಳುವ ಬಾಟಲಿಯೂ ಆ ಕಡೆಗೇ ಕೈ ತೋರಿಸುತ್ತದೆ. ಕಲಬುರಗಿಯ ಸೆಕೆಯಲ್ಲಿ ಏಳು ವರ್ಷದ ಹುಡುಗ ಇಡೀ ದಿನ ನೀರು ಕುಡಿಯದೆ ಇರಬೇಕಾದರೆ ಕುಡಿಯಬಾರದೆಂದು ತಾನೇ ನಿಶ್ಚಯಿಸಿರಬೇಕು.

ಹುಣಸೆ ಬೀಜದಿಂದ ಕೇಳುವುದು

"ಸಾಲ್ಯಾಗ ಏನಾಗ್ಯಾದ?" ಎಂದು ನೇರವಾಗಿ ಕೇಳಿದರೆ "ಏನಿಲ್ಲ" ಎಂಬ ಉತ್ತರವೇ ಬರುತ್ತದೆ. ಬೆಳಿಗ್ಗೆಯಂತೂ ಕೇಳಲೇಬಾರದು. ಸಂಜೆ ತಿಂದು, ಆಡಿ ಬಂದ ಮೇಲೆ ನೆಲದ ಮೇಲೆ ಜೊತೆಯಲ್ಲಿ ಕೂತು ಒಂದು ಹಾಳೆಯಲ್ಲಿ ಶಾಲೆಯ ದಿನವನ್ನು ಬಿಡಿಸಿ: ಮನೆ, ಆಟೋ, ಗೇಟು, ಪ್ರಾರ್ಥನೆ, ಬೆಳಗಿನ ಕ್ಲಾಸು, ಊಟ, ಸಂಡಾಸು, ಮಧ್ಯಾಹ್ನದ ಕ್ಲಾಸು, ಮರಳುವ ಆಟೋ. ಗೆರೆ ಸೊಟ್ಟಗಿದ್ದರೂ ನಡೆಯುತ್ತದೆ. ಮಗುವಿನ ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಡಿ. ಹೆದರಿಕೆ ಇಲ್ಲದ ಕಡೆ ಬೀಜ ಬೇಡ, ಸ್ವಲ್ಪ ಇದ್ದರೆ ಒಂದು, ಭಾಳ ಇದ್ದರೆ ಐದು. ನೀವು ಮೊದಲು ನಿಮ್ಮದೇ ದಿನವೊಂದರ ಮೇಲೆ ಬೀಜ ಇಟ್ಟು ತೋರಿಸಿ, ಆಗ ಇದು ಪರೀಕ್ಷೆಯಲ್ಲ ಎಂದು ಮಗುವಿಗೆ ಗೊತ್ತಾಗುತ್ತದೆ.

ಐದು ಬೀಜ ಬಿದ್ದ ಜಾಗದಲ್ಲಿ "ಯಾಕ?" ಎನ್ನಬೇಡಿ. ಯಾಕೆ ಎಂಬ ಪ್ರಶ್ನೆಗೆ ಈ ವಯಸ್ಸಿನ ಮಗು ಉತ್ತರ ಹುಟ್ಟಿಸಿಕೊಂಡು ಹೇಳಿಬಿಡುತ್ತದೆ. "ಅಲ್ಲಿ ಮೊದಲ ಏನಾಗ್ತದ? ಆಮ್ಯಾಲ?" ಎಂದು ಕೇಳಿದರೆ ನಡೆದದ್ದನ್ನು ಹೇಳುತ್ತದೆ. ಬಾಯಿ ಬಿಡದಿದ್ದರೆ ಆ ದಿನಕ್ಕೆ ಅಲ್ಲಿಗೇ ಬಿಡಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಕೂಡಿ.

ನಮ್ಮ ಉದಾಹರಣೆಯ ಹುಡುಗ ಗೇಟಿಗೆ ಬೀಜ ಇಡಲಿಲ್ಲ, ಬೆಳಗಿನ ಕ್ಲಾಸಿಗೆ ಎರಡು ಇಟ್ಟ, ಮಧ್ಯಾಹ್ನದ ಕ್ಲಾಸಿಗೆ ಐದೂ. ಹೊರಬಂದದ್ದು ಇಷ್ಟು: ಊಟದ ಬಿಡುವಿನಲ್ಲಿ ದೊಡ್ಡ ಹುಡುಗರು ಸಂಡಾಸಿನ ಹತ್ತಿರ ನಿಂತಿರುತ್ತಾರೆ, ಹಾಗಾಗಿ ಹೋಗುವುದಿಲ್ಲ. ಆಮೇಲೆ ಕ್ಲಾಸಿನಲ್ಲಿ ಅವಸರವಾಗುತ್ತದೆ. ಅಲ್ಲಿ ಇಂಗ್ಲಿಷಿನಲ್ಲೇ ಅನುಮತಿ ಕೇಳಬೇಕು, ಆ ವಾಕ್ಯ ಅವನಿಗೆ ಬಾಯಿಗೆ ಬರುವುದಿಲ್ಲ. ಒಂದು ದಿನ ಚಡ್ಡಿ ಒದ್ದೆಯಾಗಿದೆ, ಪಕ್ಕದವನು ನೋಡಿದ್ದಾನೆ. ಅಂದಿನಿಂದ ನೀರು ಬಂದ್. ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ಮರಾಠಿ ಅಥವಾ ತೆಲುಗು, ಶಾಲೆಯಲ್ಲಿ ಬೇರೊಂದು ಭಾಷೆ ಇರುವ ನಮ್ಮ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಒಂದಕ್ಕೆ ಹೋಗಲು ಅನುಮತಿ ಕೇಳಲಾರದ ಮಕ್ಕಳು ಎಷ್ಟೋ ಇದ್ದಾರೆ. ಪಾಠ ಅರ್ಥವಾಗದಿದ್ದರೆ ಅಂಕ ಹೇಳುತ್ತದೆ, ಇದನ್ನು ಯಾವ ಅಂಕವೂ ಹೇಳುವುದಿಲ್ಲ.

ಬೀಜಗಳು ಒಬ್ಬ ವ್ಯಕ್ತಿಯ ಸುತ್ತ ಬಿದ್ದರೆ ನಿಲ್ಲಿ. ಆಟೋದವರು, ಹಿರಿಯ ವಿದ್ಯಾರ್ಥಿ, ಟ್ಯೂಷನ್ ಹೇಳುವವರು, ಯಾರೇ ಆಗಲಿ. ಅದರ ಜೊತೆ ಬಟ್ಟೆ ಬಿಚ್ಚಲು ಹೆದರಿಕೆ, ಗುಪ್ತಾಂಗದಲ್ಲಿ ನೋವು, ಮೈಮೇಲೆ ಗುರುತು ಇದ್ದರೆ ಅದು ಧೈರ್ಯ ತುಂಬಿ ಕಳಿಸುವ ಮಾತಲ್ಲ. ಮಗುವನ್ನು ಆ ವ್ಯಕ್ತಿಯಿಂದ ಮೊದಲು ದೂರವಿಡಿ, ಮತ್ತೆ ಮತ್ತೆ ಪ್ರಶ್ನಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೊಡೆತವಾದರೂ ಅಷ್ಟೇ. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ, ಆ ಮಾತನ್ನು ಮುಖ್ಯಶಿಕ್ಷಕರ ಹತ್ತಿರ ಹೇಳಲು ನಿಮಗೆ ಹಕ್ಕಿದೆ.

ಬೆಳಗಿನ ಅರ್ಧ ಗಂಟೆ

ಕಾರಣ ಗೊತ್ತಾಗುವವರೆಗೂ, ಗೊತ್ತಾದ ಮೇಲೂ, ಬೆಳಿಗ್ಗೆ ಏನು ಮಾಡಬೇಕು ಎಂಬುದು ದೊಡ್ಡ ಪ್ರಶ್ನೆ. ಇಲ್ಲಿ ಎಡವುವುದು ಕಾಳಜಿ ಹೆಚ್ಚಿರುವ ಮನೆಗಳೇ. ನೋವು ಎಂದ ದಿನ ಉಳಿಸಿಕೊಂಡರೆ ಮಗುವಿಗೆ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ. ಆ ಹಾಯೇ ಪಾಠ ಕಲಿಸುತ್ತದೆ: ಹೋಗದಿದ್ದರೆ ನೋವು ಹೋಗುತ್ತದೆ. ಮರುದಿನ ನೋವು ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಮಗು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ದೇಹ ತಾನಾಗಿ ಕಲಿಯುತ್ತದೆ.

ಆದ್ದರಿಂದ ಉಳಿಸಿಕೊಳ್ಳುವ ನಿಯಮವನ್ನು ಮೊದಲೇ ಮನೆಯವರೆಲ್ಲ ಒಪ್ಪಿಕೊಳ್ಳಿ, ಮುತ್ಯಾ ಸಹಿತ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು, ವಾಂತಿ, ಭೇದಿ, ಜಿಗಿಯಲಾರದ ನೋವು, ಮೇಲೆ ಹೇಳಿದ ಬೇರೆ ಚಿಹ್ನೆ: ಇವಿದ್ದರೆ ಮನೆ. ಇಲ್ಲದಿದ್ದರೆ ಶಾಲೆ.

ಮಗುವಿಗೆ ಹೇಳುವ ಮಾತು ಮೂರೇ ಸಾಲಿನದಿರಲಿ. "ಹೊಟ್ಟಿ ನೋಯ್ಲತ್ತದ, ಖರೇ. ಹೆದ್ರಿಕಿ ಬಂದಾಗ ಹೊಟ್ಟಿ ಹಿಂಗ ಹಿಂಡ್ತದ, ಸ್ವಲ್ಪ ಹೊತ್ತಿಗಿ ಬಿಡ್ತದ. ನೀ ಸಾಲಿಗಿ ಹೋಗಿ ಬಾ, ನಾ ಸಂಜೀಕ ಇಲ್ಲೇ ಇರ್ತೀನಿ." ಮೊದಲ ಸಾಲು ನೋವನ್ನು ಒಪ್ಪುತ್ತದೆ, ಕೊನೆಯದು ದಾರಿಯನ್ನು ಬದಲಿಸುವುದಿಲ್ಲ. "ಏನೂ ಆಗಿಲ್ಲ, ಸುಮ್ನಿರು" ಎಂದರೆ ಮಗು ನಂಬಿಸಲು ಇನ್ನೂ ಜೋರಾಗಿ ಅಳಬೇಕಾಗುತ್ತದೆ. "ಹೋದ್ರ ಚಾಕಲೇಟ್ ಕೊಡ್ತೀನಿ, ಇಲ್ಲಂದ್ರ ಹೊಡೀತೀನಿ" ಎಂಬ ಚೌಕಾಸಿ ದಿನದಿನಕ್ಕೂ ಬೆಳೆಯುತ್ತದೆ.

ಅರ್ಧ ಗಂಟೆ ಮುಂಚೆ ಎಬ್ಬಿಸಿ. ಖಾಲಿ ಹೊಟ್ಟೆಗೆ ಚಹಾ ಮತ್ತು ಖಾರಿ ಬೇಡ, ಸ್ವಲ್ಪವಾದರೂ ಅವಲಕ್ಕಿಯೋ ರೊಟ್ಟಿಯೋ ಬಾಳೆಹಣ್ಣೋ ಕೊಡಿ. ತಿಂದು ಹದಿನೈದು ನಿಮಿಷಕ್ಕೆ ಐದರಿಂದ ಹತ್ತು ನಿಮಿಷ ಸಂಡಾಸಿನಲ್ಲಿ ಕೂರಿಸಿ, ಬಂದರೂ ಬಾರದಿದ್ದರೂ ಎದ್ದು ಬರಲಿ. ಕಮೋಡ್ ಆದರೆ ಕಾಲಡಿಗೆ ಮಣೆ ಇಡಿ. ಮಲಬದ್ಧತೆ ಬೆರೆತಿದ್ದರೆ ಇದೊಂದರಿಂದಲೇ ಸ್ವಲ್ಪ ಇಳಿಯುತ್ತದೆ. ಇಡೀ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರು ಒಳಗೆ ಹೋಗಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಉಸಿರಿನ ಅಭ್ಯಾಸವನ್ನು ಸಂಜೆ ಕಲಿಸಿ, ನೋವಿನ ನಡುವೆ ಹೊಸದಾಗಿ ಕಲಿಸಲು ಆಗುವುದಿಲ್ಲ. ಮಲಗಿಸಿ ಹೊಟ್ಟೆಯ ಮೇಲೆ ಒಂದು ಸಣ್ಣ ಗೊಂಬೆ ಇಡಿ. ಮೂರು ಎಣಿಸುವವರೆಗೆ ಮೂಗಿನಿಂದ ಉಸಿರು ಒಳಗೆ, ಗೊಂಬೆ ಮೇಲೇರಬೇಕು. ಐದು ಎಣಿಸುವವರೆಗೆ ಬಾಯಿಂದ ಹೊರಗೆ, ಬಿಸಿ ಹಾಲು ಆರಿಸುವ ಹಾಗೆ. ಐದು ಸಲ ಸಾಕು. ಒಂದು ವಾರ ಸಂಜೆ ಮಾಡಿದ ಮೇಲೆ ಬೆಳಿಗ್ಗೆ ಬೂಟು ಹಾಕಿಕೊಂಡು ಕೂತಲ್ಲೇ ಮಾಡಿಸಬಹುದು. ನೋವು ಪೂರ್ತಿ ಹೋಗಬೇಕೆಂದು ನಿರೀಕ್ಷಿಸಬೇಡಿ, ಕಾಲು ಎತ್ತಿ ಆಟೋ ಹತ್ತುವಷ್ಟು ಇಳಿದರೆ ಕೆಲಸವಾಯಿತು.

ಬೀಳ್ಕೊಡುವುದು ಗೇಟಿನಲ್ಲಿ ಅರ್ಧ ನಿಮಿಷದೊಳಗೆ ಮುಗಿಯಲಿ. ಕಿಟಕಿಯಿಂದ ಇಣುಕುವುದು, ಹೇಳದೆ ತಪ್ಪಿಸಿಕೊಂಡು ಬರುವುದು ಎರಡೂ ಬೇಡ. ಹೇಳದೆ ಹೋದರೆ ಮರುದಿನ ಮಗು ಸೆರಗು ಬಿಡುವುದಿಲ್ಲ.

ನಿಯಮದ ಪ್ರಕಾರ ಮನೆಯಲ್ಲೇ ಉಳಿದ ದಿನ ನಿಜವಾಗಿ ವಿಶ್ರಾಂತಿಯ ದಿನವಾಗಿರಲಿ: ಹಾಸಿಗೆ, ಗಂಜಿ ಅಥವಾ ಮಜ್ಜಿಗೆ ಅನ್ನ. ಟಿ.ವಿ., ಮೊಬೈಲ್ ಶಾಲೆ ಬಿಡುವ ಹೊತ್ತಿನವರೆಗೆ ಇಲ್ಲ. ಇದು ಶಿಕ್ಷೆಯಂತೆ ಇರಬಾರದು, ಜಾತ್ರೆಯಂತೆಯೂ ಇರಬಾರದು.

ಶಾಲೆಯವರ ಹತ್ತಿರ ಏನು ಕೇಳಬೇಕು

ಬಿಡುವಿಲ್ಲದ ಟೀಚರ್ ಹತ್ತಿರ "ನನ್ನ ಮಗೂಗೆ ಆತಂಕ ಇದೆ, ಸ್ವಲ್ಪ ನೋಡಿಕೊಳ್ಳಿ" ಎಂದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೋಟ್‌ಬುಕ್ ತೋರಿಸಿ, ಸಣ್ಣ ಸಣ್ಣ ನಿರ್ದಿಷ್ಟ ಮಾತು ಕೇಳಿ. ಆ ಹುಡುಗನ ವಿಷಯದಲ್ಲಿ ಕೇಳಿದ್ದು ನಾಲ್ಕು. ಅನುಮತಿ ಕೇಳಲು ಮಾತಿನ ಬದಲು ಒಂದು ಸನ್ನೆ, ಕಿರುಬೆರಳು ಎತ್ತಿದರೆ ಸಾಕು. ಊಟದ ಬೆಲ್ಲಿಗೆ ಐದು ನಿಮಿಷ ಮುಂಚೆ, ದೊಡ್ಡವರು ಬರುವ ಮೊದಲು ಸಂಡಾಸಿಗೆ ಬಿಡುವುದು. ಹೊಟ್ಟೆನೋವು ಎಂದರೆ ಒಡನೆ ಮನೆಗೆ ಫೋನ್ ಮಾಡದೆ, ಹಿಂದಿನ ಬೆಂಚಿನಲ್ಲಿ ಹದಿನೈದು ನಿಮಿಷ ಕೂತು ನೀರು ಕುಡಿದು ಮತ್ತೆ ಕೆಲಸಕ್ಕೆ ಕೂರಿಸುವುದು, ಜ್ವರ ಅಥವಾ ವಾಂತಿ ಇದ್ದರೆ ಮಾತ್ರ ಫೋನ್. ದೊಡ್ಡ ಹುಡುಗರನ್ನು ಅಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು. ಮನೆಯಲ್ಲಿ ಆ ಒಂದು ಇಂಗ್ಲಿಷ್ ವಾಕ್ಯವನ್ನು ಆಟವಾಗಿ ದಿನಾ ಹೇಳಿಸಿದರು.

ಆಮೇಲೆ ಆದದ್ದನ್ನೂ ಗಮನಿಸಿ. ಮೊದಲ ವಾರ ನೋವು ನಿಲ್ಲಲಿಲ್ಲ, ಆದರೆ ಆಟೋ ಬರುವುದರೊಳಗೆ ಇಳಿಯತೊಡಗಿತು. ಎಂಟನೆಯ ದಿನ ಬಾಟಲಿ ಮೊದಲ ಸಲ ಪೂರ್ತಿ ಖಾಲಿಯಾಗಿ ಬಂತು. ಎರಡನೆಯ ವಾರ ಸೋಮವಾರ ಒಂದೇ ದಿನ ನೋವು. ತಿಂಗಳಿಗೆ ಅವನು ಸನ್ನೆ ಬಿಟ್ಟು ಬಾಯಲ್ಲೇ ಕೇಳತೊಡಗಿದ. ಬದಲಾವಣೆ ಸರಿದಾರಿಯಲ್ಲಿದೆಯೇ ಎಂದು ನೋಡುವಾಗ ನೋವು ಬಂತೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಹೊತ್ತು ನಿಂತಿತು, ಎಷ್ಟು ದಿನ ಶಾಲೆಗೆ ಹೋದ ಎಂಬುದೇ ನಂಬಿಕಸ್ಥ ಅಳತೆ.

ಯಾವಾಗ, ಯಾರ ಹತ್ತಿರ

ನೋವು ನಾಲ್ಕು ವಾರ ದಾಟಿದರೆ, ವಾರಕ್ಕೆ ಒಂದಕ್ಕಿಂತ ಹೆಚ್ಚು ದಿನ ಶಾಲೆ ತಪ್ಪುತ್ತಿದ್ದರೆ, ಅಥವಾ ಮಗು ಮನೆಯಲ್ಲೂ ಅವ್ವನನ್ನು ಬಿಟ್ಟು ಪಕ್ಕದ ಕೋಣೆಗೂ ಹೋಗದಂತಾದರೆ ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ, ನೋಟ್‌ಬುಕ್ ಜೊತೆಗಿರಲಿ. ಅವರು ಹೊಟ್ಟೆ ಮುಟ್ಟಿ ನೋಡುತ್ತಾರೆ, ತೂಕ ಎತ್ತರ ಅಳೆಯುತ್ತಾರೆ, ಬೇಕಾದರೆ ಮೂತ್ರ ಮತ್ತು ಮಲ ಪರೀಕ್ಷೆ ಬರೆಯುತ್ತಾರೆ. ಅಪಾಯದ ಚಿಹ್ನೆ ಇಲ್ಲದ ಮಗುವಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವುದರಿಂದ ಲಾಭಕ್ಕಿಂತ ಗಾಬರಿಯೇ ಹೆಚ್ಚು. ಸ್ಕ್ಯಾನ್ ವರದಿಯಲ್ಲಿ "ಮೆಸೆಂಟರಿಕ್ ಲಿಂಫ್ ನೋಡ್ಸ್" ಎಂಬ ಮಾತು ನೋಡಿ ಕ್ಷಯವೆಂದು ಹೆದರುವ ಮನೆಗಳು ಬಹಳ. ಕರುಳಿನ ಸುತ್ತಲಿನ ಈ ಸಣ್ಣ ಗಂಟುಗಳು ಆರೋಗ್ಯವಾಗಿರುವ ಮಕ್ಕಳಲ್ಲೂ ಕಾಣುತ್ತವೆ. ತೂಕ, ಜ್ವರ, ಗಂಟಿನ ಗಾತ್ರ ಎಲ್ಲ ಸೇರಿಸಿ ವೈದ್ಯರು ಹೇಳಬೇಕೇ ಹೊರತು ಆ ಒಂದು ಸಾಲಿನಿಂದ ಏನೂ ತೀರ್ಮಾನವಾಗುವುದಿಲ್ಲ. ಅಂಗಡಿಯಿಂದ ತಂದ ಗ್ಯಾಸಿನ ಸಿರಪ್ಪನ್ನು ದಿನಾ ಬೆಳಿಗ್ಗೆ ಕೊಡುವುದನ್ನೂ ನಿಲ್ಲಿಸಿ.

ದೇಹದಲ್ಲಿ ಕಾರಣವಿಲ್ಲ, ಶಾಲೆಯಲ್ಲಿ ಸರಿಪಡಿಸಿದರೂ ಇಳಿಯಲಿಲ್ಲ ಎಂದಾದರೆ ಮನೋವೈದ್ಯರು ಅಥವಾ ಮಕ್ಕಳ ಮನಶ್ಶಾಸ್ತ್ರಜ್ಞರ ಸಹಾಯ ಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ಅಲ್ಲೇ ವಿಚಾರಿಸಬಹುದು. ದೂರದ ತಾಲ್ಲೂಕಿನಲ್ಲಿದ್ದು ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಈ ವಯಸ್ಸಿನಲ್ಲಿ ಚಿಕಿತ್ಸೆ ಎಂದರೆ ಮೊದಲು ಮಾತ್ರೆಯಲ್ಲ. ಹೆದರುವ ಸನ್ನಿವೇಶಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರವಾಗುವುದನ್ನು ಕಲಿಸುತ್ತಾರೆ, ಅದರ ಅರ್ಧದಷ್ಟು ತಂದೆತಾಯಿಗೆ ಕಲಿಸುವುದೇ ಆಗಿರುತ್ತದೆ.

ನೋವು ಪೂರ್ತಿ ನಿಂತ ಮೇಲೂ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ದಸರಾ ರಜೆ ಮುಗಿದ ಮೇಲೆ, ಬೇಸಿಗೆ ರಜೆ ಕಳೆದು ಹೊಸ ತರಗತಿಗೆ ಹೋಗುವಾಗ, ಜ್ವರ ಬಂದು ವಾರ ಶಾಲೆ ತಪ್ಪಿದಾಗ ನೋವು ಮರಳುವುದು ಸಹಜ. ಶಾಲೆ ತೆರೆಯುವ ಮೂರು ದಿನ ಮೊದಲೇ ಮಲಗುವ, ಏಳುವ, ಸಂಡಾಸಿಗೆ ಕೂರುವ ಹೊತ್ತನ್ನು ಶಾಲೆಯ ದಿನದಂತೆ ಮಾಡಿ. ಹೊಸ ಟೀಚರಿಗೆ ಸನ್ನೆಯ ವಿಷಯ ಮೊದಲ ದಿನವೇ ತಿಳಿಸಿ. ಹೀಗೆ ಮರಳಿದ ನೋವು ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತದೆ. ಎರಡು ವಾರವಾದರೂ ಇಳಿಯದಿದ್ದರೆ ಹೊಸ ಹಾಳೆ ತೆಗೆದು ಮತ್ತೆ ಮೊದಲಿನಿಂದ, ಒಂದು ಬೆರಳು ಮತ್ತು ಎರಡು ಜಿಗಿತದಿಂದ ಶುರು ಮಾಡಿ. ಈ ಸಲದ ಕಾರಣ ಬೇರೆಯೇ ಇರಬಹುದು.